ಹಡಗಿನ ಕಣ್ಣು, ಹಡಗಿನ ಕಿವಿ

2018ನೆಯ ಇಸವಿಯ ನವೆಂಬರ್ 8ನೆಯ ತಾರೀಖು. ಬೆಳಗಿನ ಜಾವ ನಾಲ್ಕು ಗಂಟೆಯ ಸಮಯ. ನಾರ್ವೆ ದೇಶದ ಬರ್ಗೆನ್ ನಗರಕ್ಕೆ ವಾಯವ್ಯದಲ್ಲಿರುವ ಯೆಲ್ಟೆ ಎಂಬ ನೀಳವಾದ ಕಡಲಚಾಚಿನಲ್ಲಿ ಯುದ್ಧನೌಕೆಯೊಂದು ದಕ್ಷಿಣಾಭಿಮುಖವಾಗಿ ಗಂಟೆಗೆ ಸುಮಾರು 17 ನಾವಿಕ ಮೈಲಿಗಳ ವೇಗದಲ್ಲಿ ಸಾಗುತ್ತಿತ್ತು. ಅದರ ಹೆಸರು ಹೆಲ್ಗೆ ಇಂಗ್‌ಸ್ಟಾಡ್. ಇರುಳು ತಿಳಿಯಾಗಿತ್ತು, ಮಂಜಿರಲಿಲ್ಲ. ಎದುರಿನಿಂದ ಮೂರು ಹಡಗುಗಳು ಉತ್ತರಕ್ಕೆ ಬರುತ್ತಿದ್ದವು. ಬಲಬದಿಯ ದಡದಲ್ಲಿ ಸ್ಟೂರೆ ಎಂಬಲ್ಲಿನ ತೈಲ ಬಂದರು ದೀಪಗಳಿಂದ ಜಗಜಗಿಸುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಆ ದೀಪಗಳ ರಾಶಿಯ ಒಂದು ಭಾಗ ಹಡಗಾಗಿ ಎದುರು ಬಂದು ಯುದ್ಧನೌಕೆಯ ಬಲ ಪಾರ್ಶ್ವವನ್ನು ಸೀಳಿತು. ಅದು 250 ಮೀಟರ್ ಉದ್ದದ, ಕಚ್ಚಾತೈಲ ತುಂಬಿದ ಸೋಲಾ ಟಿ.ಎಸ್. ಎಂಬ ಹಡಗು.

ಎರಡು ಹಡಗುಗಳಲ್ಲಿಯೂ ರೇಡಾರ್ ಇತ್ತು. ಎರಡರಲ್ಲಿಯೂ ಎ.ಐ.ಎಸ್. ಎಂದು ಕರೆಯುವ ಸ್ವಯಂ ಪರಿಚಯ ಯಂತ್ರವಿತ್ತು. ಯಾವುದೂ ಕೆಟ್ಟಿರಲಿಲ್ಲ. ಹಾಗಾದರೆ ಈ ಘಟ್ಟಣೆ ಹೇಗಾಯಿತು? ಇದಕ್ಕೆ ಉತ್ತರ ಬೇಕಾದರೆ ಆ ಎರಡು ಯಂತ್ರಗಳು ಏನನ್ನು ತೋರಿಸುತ್ತವೆ, ಏನನ್ನು ತೋರಿಸಲಾರವು ಎಂಬುದನ್ನು ಮೊದಲು ತಿಳಿಯಬೇಕು.

ಹಡಗನ್ನು ನಡೆಸುವ ಎತ್ತರದ ಕೊಠಡಿಗೆ ಬ್ರಿಜ್ ಎಂದು ಹೆಸರು. ಅದರ ಮೇಲಿನ ಕಂಬದಲ್ಲಿ ಉದ್ದನೆಯ ಪಟ್ಟಿಯಂತಹ ಆಂಟೆನಾ ಎರಡು ಮೂರು ಸೆಕೆಂಡುಗಳಿಗೊಮ್ಮೆ ಸುತ್ತುತ್ತಿರುತ್ತದೆ. ಅದು ಸುಮಾರು 3 ಸೆಂಟಿಮೀಟರ್ ಅಲೆಯುದ್ದದ ರೇಡಿಯೋ ತರಂಗಗಳನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಹೊರಡಿಸುತ್ತದೆ. ದೊಡ್ಡ ಹಡಗುಗಳಲ್ಲಿ ಇದರ ಜೊತೆಗೆ 10 ಸೆಂಟಿಮೀಟರಿನ ಇನ್ನೊಂದು ರೇಡಾರೂ ಇರುವುದುಂಟು. ಹೊರಟ ತರಂಗ ಎದುರಿನ ವಸ್ತುವನ್ನು ತಾಕಿ ಮಾರ್ದನಿಯಾಗಿ ಮರಳುತ್ತದೆ. ಬೆಳಕಿನಂತೆ ಈ ತರಂಗವೂ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಕ್ರಮಿಸುತ್ತದೆ. ಹೋಗಿ ಬರುವ ಎರಡು ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಮಾರ್ದನಿ ತಡವಾದ ಒಂದೊಂದು ಮೈಕ್ರೋಸೆಕೆಂಡಿಗೂ ದೂರ 150 ಮೀಟರ್ ಎಂದಾಯಿತು. ಮಾರ್ದನಿ 74 ಮೈಕ್ರೋಸೆಕೆಂಡುಗಳ ಬಳಿಕ ಬಂದರೆ ವಸ್ತು 11 ಕಿಲೋಮೀಟರುಗಳಿಗಿಂತ ತುಸು ಹೆಚ್ಚು, ಅಂದರೆ 6 ನಾವಿಕ ಮೈಲಿ ದೂರದಲ್ಲಿದೆ. ಆಂಟೆನಾ ಆ ಕ್ಷಣದಲ್ಲಿ ಯಾವ ಕಡೆಗೆ ಮುಖ ಮಾಡಿತ್ತೋ ಅದೇ ವಸ್ತುವಿನ ದಿಕ್ಕು.

ರೇಡಾರಿನ ಹಿರಿಮೆಯೆಂದರೆ ಅದು ಯಾರ ಸಹಕಾರವನ್ನೂ ಬೇಡುವುದಿಲ್ಲ. ಎದುರಿನ ಹಡಗು ಮೌನವಾಗಿರಲಿ, ದೀಪವಾರಿಸಿರಲಿ, ತಾಕಿದ ತರಂಗವನ್ನು ಅದು ಸಾಮಾನ್ಯವಾಗಿ ಹಿಂದಿರುಗಿಸಿಯೇ ತೀರುತ್ತದೆ. ಆದರೆ ಕಾಣುವುದು ಒಂದು ಚುಕ್ಕೆ ಮಾತ್ರ. ಅದಕ್ಕೆ ಹೆಸರಿಲ್ಲ, ಮುಖವಿಲ್ಲ. ಹಡಗು ಯಾವ ಕಡೆಗೆ ತಿರುಗಿ ನಿಂತಿದೆಯೆಂಬುದು ಚುಕ್ಕೆಯ ಆಕಾರದಿಂದ ತಿಳಿಯದು. ಅದರ ಚಲನೆಯೂ ನೇರವಾಗಿ ಕಾಣುವ ವಿಷಯವಲ್ಲ. ಆಂಟೆನಾ ಅನೇಕ ಸುತ್ತು ಸುತ್ತಿದ ಮೇಲೆ, ಹಿಂದಿನ ಚುಕ್ಕೆಗಳಿಗೂ ಈಗಿನ ಚುಕ್ಕೆಗೂ ಇರುವ ಅಂತರದಿಂದ ಊಹಿಸಬೇಕಾದದ್ದು. ಈ ಊಹೆಯನ್ನು ಇಂದು ರೇಡಾರಿನೊಳಗಿನ ಗಣಕವೇ ಮಾಡಿ ಚುಕ್ಕೆಯ ಮುಂದೆ ಗತಿರೇಖೆಯೊಂದನ್ನು ಎಳೆಯುತ್ತದೆ. ಆದರೆ ಅದಕ್ಕೂ ಕಾಲ ಬೇಕು. ಒಂದು ನಿಮಿಷದಲ್ಲಿ ಒಲವು ತಿಳಿಯುತ್ತದೆ, ನಂಬಬಹುದಾದ ಲೆಕ್ಕಕ್ಕೆ ಸುಮಾರು ಮೂರು ನಿಮಿಷಗಳು ಬೇಕು. ನಡುವೆ ಎದುರಿನ ಹಡಗು ತಿರುಗಿದರೆ ಗತಿರೇಖೆ ಕೊಂಚ ಕಾಲ ಹಳೆಯ ದಾರಿಯನ್ನೇ ತೋರಿಸುತ್ತಿರುತ್ತದೆ.

ಇಕ್ಕಟ್ಟಾದ ನೀರಿನಲ್ಲಿ ಇನ್ನೊಂದು ತೊಡಕು. ರೇಡಾರಿನ ಕಿರಣ ಸೂಜಿಯ ಮೊನೆಯಲ್ಲ, ಬೀಸಣಿಗೆಯ ಒಂದು ಎಸಳು. ಅದರ ಅಗಲ ಒಂದು ಅಂಶವೆಂದೇ ಇಟ್ಟುಕೊಳ್ಳೋಣ. 6 ನಾವಿಕ ಮೈಲಿ ದೂರದಲ್ಲಿ ಆ ಒಂದು ಅಂಶ ಸುಮಾರು 190 ಮೀಟರುಗಳಷ್ಟು ಹರಡಿರುತ್ತದೆ. ಅಷ್ಟು ಅಗಲದೊಳಗೆ, ಒಂದೇ ದೂರದಲ್ಲಿ ಧಕ್ಕೆಯೂ ಅದರ ಪಕ್ಕದಲ್ಲಿ ಹಡಗೂ ಇದ್ದರೆ ಎರಡೂ ಕೂಡಿ ಒಂದೇ ಕಲೆಯಾಗಿ ಕಾಣುತ್ತವೆ. ಹಡಗು ಧಕ್ಕೆಯಿಂದ ಸಾಕಷ್ಟು ಸರಿಯುವವರೆಗೂ ಅದು ಬಂದರಿನ ಒಂದು ಭಾಗವೇ ಸರಿ! ಇನ್ನು ಕಡಲು ಎದ್ದಿದ್ದರೆ ಅಲೆಗಳೂ ಮಾರ್ದನಿ ಕೊಡುತ್ತವೆ. ಆ ಗದ್ದಲವನ್ನು ಅಳಿಸುವ ಗುಂಡಿಯನ್ನು ಹೆಚ್ಚು ತಿರುಗಿಸಿದರೆ ಅಲೆಗಳೊಡನೆ ಸಣ್ಣ ದೋಣಿಯೂ ಅಳಿಸಿಹೋಗುತ್ತದೆ. ನಮ್ಮ ಮಲ್ಪೆ, ಮಂಗಳೂರುಗಳ ಕರಾವಳಿಯಲ್ಲಿ ಮೀನು ಹಿಡಿಯುವ ಸಣ್ಣ ದೋಣಿಗಳಿಗೆ ದೊಡ್ಡ ಹಡಗುಗಳಿಂದ ಬರುವ ಅಪಾಯದ ಒಂದು ಮೂಲ ಇದೇ. ಮರವಾಗಲಿ ನಾರುಗಾಜಾಗಲಿ ಉಕ್ಕಿನಷ್ಟು ಗಟ್ಟಿಯಾದ ಮಾರ್ದನಿಯನ್ನು ಕೊಡುವುದಿಲ್ಲ.

ಎ.ಐ.ಎಸ್. ಬೇರೆಯೇ ಬಗೆಯ ಸಾಧನ. ರೇಡಾರ್ ನೋಡುವ ಕಣ್ಣಾದರೆ ಇದು ಕೇಳುವ ಕಿವಿ. ಪ್ರತಿಯೊಂದು ಹಡಗೂ ತಾನಾರು, ಎಲ್ಲಿದ್ದೇನೆ, ಎತ್ತ ಹೊರಟಿದ್ದೇನೆ, ಎಷ್ಟು ವೇಗ ಎಂಬುದನ್ನು ರೇಡಿಯೋ ಮೂಲಕ ತಾನೇ ಸಾರುತ್ತದೆ. ಈ ಕೆಲಸಕ್ಕೆ 162 ಮೆಗಾಹರ್ಟ್ಸ್ ಆಸುಪಾಸಿನ ಎರಡು ಕಂಪನಾಂಕಗಳನ್ನು ಮೀಸಲಿರಿಸಿದ್ದಾರೆ. ಒಂದೊಂದರಲ್ಲಿಯೂ ಒಂದು ನಿಮಿಷವನ್ನು 2250 ಕಿರುಗಳಿಗೆಗಳಾಗಿ ಒಡೆಯಲಾಗಿದೆ. ಸರದಿಯನ್ನು ಹಂಚುವ ಯಜಮಾನ ಯಾರೂ ಇಲ್ಲ. ಹಡಗುಗಳು ಒಂದರ ಮಾತನ್ನೊಂದು ಕೇಳಿ, ಬರಿದಾಗಿರುವ ಗಳಿಗೆಯನ್ನು ಆರಿಸಿಕೊಂಡು, ಮುಂದಿನ ಸಲ ಯಾವಾಗ ಮಾತನಾಡುವೆನೆಂಬುದನ್ನೂ ಮೊದಲೇ ತಿಳಿಸಿಬಿಡುತ್ತವೆ. ಗಂಟೆಗೆ 14 ಮೈಲಿಗಿಂತ ನಿಧಾನವಾಗಿ ಸಾಗುವ ದೊಡ್ಡ ಹಡಗು 10 ಸೆಕೆಂಡುಗಳಿಗೊಮ್ಮೆ ಮಾತನಾಡುತ್ತದೆ. ವೇಗ ಹೆಚ್ಚಿದಂತೆ, ತಿರುಗಿದಂತೆ ಮಾತು ಬೇಗ ಬೇಗ ಬರುತ್ತದೆ. ಲಂಗರು ಹಾಕಿ ನಿಂತಾಗ ಮೂರು ನಿಮಿಷಕ್ಕೊಮ್ಮೆ ಸಾಕು.

ರೇಡಾರಿಗಿಲ್ಲದ ಗುಣಗಳು ಇದಕ್ಕಿವೆ. ರೇಡಾರ್ ಗುಡ್ಡದ ಆಚೆಗೆ ನೋಡಲಾರದು. ಇದರ ಮಾತು ಎಷ್ಟೋ ವೇಳೆ ಗುಡ್ಡವನ್ನು ಬಳಸಿ, ತಿರುವಿನಾಚೆಯಿಂದಲೂ ಕೇಳಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಇದು ಹೆಸರನ್ನು ತಿಳಿಸುತ್ತದೆ. ಕತ್ತಲಲ್ಲಿ ಐದಾರು ಹಡಗುಗಳಿರುವಾಗ “ಎದುರಿಗೆ ಬರುತ್ತಿರುವ ಹಡಗೇ” ಎಂದು ಕೂಗಿದರೆ ಯಾರು ಓಗೊಡಬೇಕು? ಹೆಸರು ಹಿಡಿದು ಕರೆದರೆ ಅನುಮಾನವಿಲ್ಲ.

ಕೊರತೆಯೂ ಈ ಗುಣದ ಹಿಂದೆಯೇ ಇದೆ. ಕಿವಿಗೆ ಕೇಳಿಸಬೇಕಾದರೆ ಎದುರಿನವ ಮಾತನಾಡಬೇಕು. ಅಂತರರಾಷ್ಟ್ರೀಯ ಯಾನದಲ್ಲಿರುವ 300 ಟನ್ನು ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಿಗೆ, ಪ್ರಯಾಣಿಕರ ಹಡಗುಗಳಿಗೆ ಈ ಯಂತ್ರ ಕಡ್ಡಾಯ. ಸಣ್ಣ ದೋಣಿಗಳಲ್ಲಿ ಎಷ್ಟೋ ಕಡೆ ಅದಿಲ್ಲ. ಯುದ್ಧನೌಕೆಗಳಿಗೆ ವಿನಾಯಿತಿಯಿದೆ. ಮಾತನಾಡುವ ಹಡಗೂ ತನ್ನ ಉಪಗ್ರಹ ಸ್ಥಾನಗ್ರಾಹಿ ಹೇಳಿದ್ದನ್ನೇ ಹೇಳುತ್ತದೆ. ಅದು ತಪ್ಪಿದರೆ, ಅಥವಾ ಯಾರಾದರೂ ಬೇಕೆಂದೇ ಅದನ್ನು ಕೆಡಿಸಿದರೆ, ಪರದೆಯ ಮೇಲಿನ ಹಡಗು ನೆಲದ ಮೇಲೆ ನಡೆದೀತು. ಲಂಗರು ಎತ್ತಿದ ಮೇಲೂ “ಲಂಗರು ಹಾಕಿದ್ದೇನೆ” ಎಂದೇ ಸಾರುತ್ತಿರುವ ಹಡಗುಗಳುಂಟು. ಆ ಮಾತನ್ನು ಬದಲಿಸಬೇಕಾದದ್ದು ಮನುಷ್ಯನ ಕೈ.

ಇನ್ನು ನಾರ್ವೆಯ ಆ ಇರುಳಿಗೆ ಹಿಂದಿರುಗೋಣ. ಹೆಲ್ಗೆ ಇಂಗ್‌ಸ್ಟಾಡಿನ ಎ.ಐ.ಎಸ್. ಕೇಳುತ್ತಿತ್ತು, ಆದರೆ ಮಾತನಾಡುತ್ತಿರಲಿಲ್ಲ. ಹಾಗೆಯೇ ಅದನ್ನು ಇರಿಸಿದ್ದರು. ಆ ಜಲಪ್ರದೇಶವನ್ನು ಕಾಯುವ ಫೆಡ್ಯೆ ಸಂಚಾರ ಕೇಂದ್ರಕ್ಕೆ ನೌಕೆ ತಾನು ಬರುತ್ತಿರುವುದನ್ನು ಮೊದಲೇ ರೇಡಿಯೋದಲ್ಲಿ ತಿಳಿಸಿತ್ತು. ಆದರೆ ಕೇಂದ್ರದ ಪರದೆಯ ಮೇಲೆ ಆ ಚುಕ್ಕೆಗೆ ಹೆಸರು ಅಂಟಿಕೊಂಡಿರಲಿಲ್ಲ. ಕಾವಲುಗಾರನ ಗಮನದಿಂದ ಅದು ಜಾರಿತು.

ನಾಲ್ಕು ಗಂಟೆಗೆ ಸ್ವಲ್ಪ ಮೊದಲು ನೌಕೆಯ ಬ್ರಿಜ್‌ನಲ್ಲಿ ಪಾಳಿ ಬದಲಾಯಿತು. ಹೋಗುವ ಅಧಿಕಾರಿಯೂ ಬರುವ ಅಧಿಕಾರಿಯೂ ಬಂದರಿನ ಬಳಿ ಬಹಳ ದೀಪಗಳಿರುವ ಒಂದು “ವಸ್ತು”ವನ್ನು ಕಂಡು ಮಾತನಾಡಿಕೊಂಡರು. ತೈಲದ ಹಡಗು ಆಗ ತಾನೇ ಧಕ್ಕೆಯನ್ನು ಬಿಟ್ಟು ಮೆಲ್ಲಗೆ ಹೊರಳುತ್ತಿತ್ತು. ಅದರ ಅಟ್ಟದ ಮೇಲೆ ಕೆಲಸಗಾರರಿಗಾಗಿ ಹಚ್ಚಿದ ಪ್ರಖರ ದೀಪಗಳು ಹಾಗೆಯೇ ಉರಿಯುತ್ತಿದ್ದುದರಿಂದ, ಹಡಗು ಚಲಿಸುತ್ತಿದೆಯೆಂದು ಸೂಚಿಸುವ ಸಂಚಾರ ದೀಪಗಳು ಆ ಬೆಳಕಿನಲ್ಲಿ ಮುಳುಗಿಹೋದವು. ಅದು ದಡಕ್ಕೆ ಹತ್ತಿದ, ನಿಂತ ವಸ್ತುವೆಂದು ನೌಕೆಯವರು ತೀರ್ಮಾನಿಸಿದರು. ಒಮ್ಮೆ ಹಾಗೆಂದು ಮನಸ್ಸಿಗೆ ಬಂದ ಮೇಲೆ ಅದನ್ನು ಪರೀಕ್ಷಿಸಲಿಲ್ಲ. ಗಮನವೆಲ್ಲ ಎದುರಿನ ಮೂರು ಹಡಗುಗಳ ಕಡೆಗೆ ಹೋಯಿತು. ಸೋಲಾ ಟಿ.ಎಸ್. ತನ್ನ ಹೆಸರು ವೇಗಗಳನ್ನು ಎ.ಐ.ಎಸ್. ಮೂಲಕ ಸಾರುತ್ತಲೇ ಇತ್ತು.

ಪರೀಕ್ಷೆ ಎಷ್ಟು ಸುಲಭವಾಗಿತ್ತು ಎಂಬುದನ್ನು ಸರಳಗೊಳಿಸಿದ ಅಂಕಿಗಳಿಂದ ನೋಡಬಹುದು. ಗಂಟೆಗೆ 17 ಮೈಲಿ ಸಾಗುವ ನೌಕೆ ಮೂರು ನಿಮಿಷಗಳಲ್ಲಿ 0.85 ಮೈಲಿ ಮುಂದೆ ಬರುತ್ತದೆ. ನೇರ ಮುಂದಿರುವ ವಸ್ತು ನಿಜವಾಗಿ ನಿಂತಿದ್ದರೆ ರೇಡಾರಿನಲ್ಲಿ ಅದರ ದೂರವೂ ಅಷ್ಟೇ ಕಡಿಮೆಯಾಗಬೇಕು. ದೂರ 1.2 ಮೈಲಿ ಕಡಿಮೆಯಾಗಿದ್ದರೆ, ಉಳಿದ 0.35 ಮೈಲಿಯನ್ನು ನಡೆದವರಾರು? ಆ ವಸ್ತುವೇ! ಅಂದರೆ ಅದು ಗಂಟೆಗೆ 7 ಮೈಲಿಯಂತೆ ಎದುರು ಬರುತ್ತಿದೆ. ಇದರ ಜೊತೆಗೆ ವಸ್ತು ಕಾಣುವ ದಿಕ್ಕು ಬದಲಾಗದೆ ಉಳಿದರೆ ಘಟ್ಟಣೆಯ ದಾರಿಯಲ್ಲಿದ್ದೇವೆಂದೇ ಅರ್ಥ. ಹೀಗೆ 17 ಮತ್ತು 7 ಕೂಡಿದಾಗ ಇಬ್ಬರ ನಡುವಣ ನೀರು ಸೆಕೆಂಡಿಗೆ ಸುಮಾರು 12 ಮೀಟರಿನಂತೆ ಕರಗುತ್ತದೆ. ಕೊನೆಯ ನಾಲ್ಕು ನಿಮಿಷಗಳಿಗೆ ಉಳಿಯುವುದು ಮೂರು ಕಿಲೋಮೀಟರು.

ತೈಲದ ಹಡಗಿನ ಬ್ರಿಜ್‌ನಲ್ಲಿ ಕಥೆ ತಿರುವುಮುರುವು. ಅಲ್ಲಿದ್ದ ಪೈಲಟ್, ಅಂದರೆ ಸ್ಥಳೀಯ ಮಾರ್ಗದರ್ಶಕ, ರೇಡಾರಿನಲ್ಲಿ ಚುಕ್ಕೆಯನ್ನು ಕಂಡ; ಅದು ತನ್ನ ದಾರಿಗೆ ಅಡ್ಡ ಬರುತ್ತಿದೆಯೆಂದೂ ತಿಳಿದ. ಆದರೆ ಚುಕ್ಕೆಗೆ ಹೆಸರಿರಲಿಲ್ಲ. ಅವನು ಸಂಚಾರ ಕೇಂದ್ರವನ್ನು ಕೇಳಿದ, ಕೇಂದ್ರಕ್ಕೂ ತಿಳಿಯದು. ಅವನು ಸುಮಾರು 10 ಅಂಶದಷ್ಟು ಬಲಕ್ಕೆ ತಿರುಗಿಸಿದ. ಅಷ್ಟು ಸಣ್ಣ ತಿರುವು ಎದುರಿನವರಿಗೆ ಎದ್ದು ಕಾಣುವಂಥದಲ್ಲ. ತುಸು ಹೊತ್ತಿನ ಮೇಲೆ ಅದು ಹೆಲ್ಗೆ ಇಂಗ್‌ಸ್ಟಾಡ್ ಇರಬಹುದೆಂದು ಕೇಂದ್ರದಿಂದ ಉತ್ತರ ಬಂತು. ಆಗ ಹೆಸರು ಹಿಡಿದು ಕರೆದು, ಬಲಕ್ಕೆ ತಿರುಗಬೇಕೆಂದು ಹೇಳಿದರು. ನೌಕೆಯಲ್ಲಿದ್ದವರು ಕರೆಯುತ್ತಿರುವುದು ಎದುರಿನ ಮೂರು ಹಡಗುಗಳಲ್ಲಿ ಒಂದೆಂದು ಭಾವಿಸಿದರು. ಬಲಕ್ಕೆ ಆ ದೀಪಗಳ ವಸ್ತುವಿದೆ, ಅದನ್ನು ದಾಟದೆ ತಿರುಗುವುದು ಹೇಗೆ? ಹಾಗೆಂದೇ ಉತ್ತರವಿತ್ತರು. ಮಾತನಾಡುತ್ತಿರುವುದು ಆ ವಸ್ತುವೇ ಎಂಬುದು ಅವರಿಗೆ ಹೊಳೆಯಲಿಲ್ಲ. 4 ಗಂಟೆ 1 ನಿಮಿಷಕ್ಕೆ ಎರಡೂ ತಾಕಿದವು.

ಕಡಲ ಘಟ್ಟಣೆಗಳನ್ನು ತಡೆಯಲು 1972ರಲ್ಲಿ ರಚಿತವಾದ ಅಂತರರಾಷ್ಟ್ರೀಯ ನಿಯಮಗಳು, ಅರೆಬರೆ ಮಾಹಿತಿಯಿಂದ, ಅದರಲ್ಲಿಯೂ ರೇಡಾರಿನ ಅರೆಬರೆ ಮಾಹಿತಿಯಿಂದ, ಊಹೆಗಳನ್ನು ಕಟ್ಟಕೂಡದೆಂದು ವಿಧಿಸುತ್ತವೆ. ಅದು ಬರೆದಾಗ ಎ.ಐ.ಎಸ್. ಇರಲಿಲ್ಲ. ಇಂದು ನುರಿತ ನಾವಿಕರು ಚುಕ್ಕೆಯ ಮೇಲೆ ಹೆಸರು ಬಂದು ಕೂತಿದೆಯೇ ಎಂದು ನೋಡುತ್ತಾರೆ. ಹೆಸರಿದ್ದು ಚುಕ್ಕೆಯಿಲ್ಲದಿದ್ದರೆ ಸ್ಥಾನ ತಪ್ಪಿರಬಹುದು, ಇಲ್ಲವೇ ಮಾರ್ದನಿ ಗದ್ದಲದಲ್ಲಿ ಮುಚ್ಚಿರಬಹುದು. ಚುಕ್ಕೆಯಿದ್ದು ಹೆಸರಿಲ್ಲದಿದ್ದರೆ ಅದು ಮೌನಿ; ಅದನ್ನು ಉಳಿದವಕ್ಕಿಂತ ಹೆಚ್ಚಾಗಿ ಗಮನಿಸಬೇಕು. ಆಮೇಲೆ ಕಿಟಕಿಯ ಬಳಿ ಹೋಗಿ ದುರ್ಬೀನಿನಲ್ಲಿ ನೋಡುತ್ತಾರೆ.

ಹೆಲ್ಗೆ ಇಂಗ್‌ಸ್ಟಾಡಿನಲ್ಲಿದ್ದ 137 ಮಂದಿಯೂ ಬದುಕಿಕೊಂಡರು. ಕೆಲವರಿಗೆ ಸಣ್ಣಪುಟ್ಟ ಗಾಯಗಳಾದವು. ತೈಲದ ಹಡಗಿಗೆ ಹೆಚ್ಚು ಪೆಟ್ಟಾಗಲಿಲ್ಲ, ಅದರ ಸರಕು ಸೋರಲಿಲ್ಲ. ಯುದ್ಧನೌಕೆ ಮಾತ್ರ ದಡದ ಬಂಡೆಗಳಿಗೆ ಹತ್ತಿ, ನವೆಂಬರ್ 13ರಂದು ಬಹುಮಟ್ಟಿಗೆ ನೀರೊಳಗೆ ಜಾರಿತು. 2019ರಲ್ಲಿ ಅದನ್ನು ಮೇಲಕ್ಕೆತ್ತಿದರು. ದುರಸ್ತಿಗೆ ಯೋಗ್ಯವಲ್ಲವೆಂದು ಕಂಡುಬಂದುದರಿಂದ ಮುಂದೆ ಒಡೆದು ಗುಜರಿಗೆ ಹಾಕಿದರು.