ಫಲಿತಾಂಶದ ದಿನಕ್ಕೆ ಕಟ್ಟಿದ ಸರಾಸರಿ: ಬೆಂಬಲ ಗೆರೆ ಎಳೆಯುವುದು ಹೇಗೆ?

ಇನ್ಫೊಸಿಸ್ 2023ರ ಏಪ್ರಿಲ್ 13ರ ಗುರುವಾರ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿದ್ದು ಷೇರುಪೇಟೆ ಮುಚ್ಚಿದ ಮೇಲೆ. ಮರುದಿನ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ವಾರಾಂತ್ಯ. ಹೂಡಿಕೆದಾರರು ಪ್ರತಿಕ್ರಿಯಿಸಲು ಸಾಧ್ಯವಾದದ್ದು 17ರ ಸೋಮವಾರ. ಅಂದು ಷೇರು ಶೇ 9ಕ್ಕೂ ಹೆಚ್ಚು ಕುಸಿದು ದಿನ ಮುಗಿಸಿತು. ಹಾಗಾದರೆ ಫಲಿತಾಂಶದ ಕ್ಯಾಂಡಲ್ ಯಾವುದು? 17ರದ್ದು. 13ರಂದು ಕೊಂಡವರಿಗೆ ಫಲಿತಾಂಶವೇ ಗೊತ್ತಿರಲಿಲ್ಲ. ಫಲಿತಾಂಶದಿಂದ ಶುರುವಾಗುವ ಸರಾಸರಿಯ ಲೆಕ್ಕಕ್ಕೆ ಅವರ ಖರೀದಿ ಬೆಲೆ ಬೇಡ.

ಆ್ಯಂಕರ್ಡ್ ವಿವ್ಯಾಪ್‌ನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನಾವು ಆರಿಸಿದ ದಿನದಿಂದ ಇಂದಿನವರೆಗೆ ನಡೆದ ವಹಿವಾಟಿನ ಸರಾಸರಿ ಬೆಲೆಯನ್ನು ಈ ಗೆರೆ ತೋರಿಸುತ್ತದೆ. ಹೆಚ್ಚು ಷೇರು ಕೈ ಬದಲಿಸಿದ ದಿನದ ಬೆಲೆಗೆ ಹೆಚ್ಚು ತೂಕ. ಬೆಲೆ ಗೆರೆಯ ಮೇಲಿದ್ದರೆ ಆ ದಿನದಿಂದೀಚೆಗೆ ಕೊಂಡವರು ಸರಾಸರಿ ಲೆಕ್ಕದಲ್ಲಿ ಲಾಭದಲ್ಲಿದ್ದಾರೆ. ಬೆಲೆ ಗೆರೆಯ ಬಳಿ ಇಳಿದಾಗ ಅವರಲ್ಲಿ ಕೆಲವರು ಮತ್ತಷ್ಟು ಕೊಳ್ಳುತ್ತಾರೆ ಎಂಬ ನಿರೀಕ್ಷೆಯ ಮೇಲೆ ಇದನ್ನು ಬೆಂಬಲ ಮಟ್ಟವಾಗಿ ಬಳಸುತ್ತಾರೆ. ಅಮೆರಿಕದ ಟ್ರೇಡರ್ ಬ್ರಯಾನ್ ಶಾನನ್ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು.

ಟ್ರೇಡಿಂಗ್‌ವ್ಯೂ ಚಾರ್ಟ್‌ನಲ್ಲಿ Anchored VWAP ಆಯ್ದು, ಫಲಿತಾಂಶದ ನಂತರದ ಮೊದಲ ವಹಿವಾಟು ದಿನದ ಕ್ಯಾಂಡಲ್ ಮೇಲೆ ಕ್ಲಿಕ್ ಮಾಡಿದರೆ ಗೆರೆ ಮೂಡುತ್ತದೆ. ಪೇಟೆ ನಡೆಯುತ್ತಿರುವಾಗಲೇ, ಅಂದರೆ ಮಧ್ಯಾಹ್ನ 3.30ರೊಳಗೆ ಫಲಿತಾಂಶ ಬಂದಿದ್ದರೆ 15 ನಿಮಿಷದ ಚಾರ್ಟ್ ತೆರೆದು, ಸುದ್ದಿ ಬಂದ ಕ್ಯಾಂಡಲ್‌ನಿಂದಲೇ ಶುರು ಮಾಡಿ.

ಒಳಗಿನ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡುವುದು ಒಳ್ಳೆಯದು. ಪ್ರತಿ ಕ್ಯಾಂಡಲ್‌ನ ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯದ ಬೆಲೆ ಕೂಡಿಸಿ ಮೂರರಿಂದ ಭಾಗಿಸಿದರೆ ಅದರ ಪ್ರಾತಿನಿಧಿಕ ಬೆಲೆ ಸಿಗುತ್ತದೆ. ಒಂದು ಕಾಲ್ಪನಿಕ ಷೇರು ತೆಗೆದುಕೊಳ್ಳೋಣ. ಫಲಿತಾಂಶದ ದಿನ ₹500ರ ಪ್ರಾತಿನಿಧಿಕ ಬೆಲೆಗೆ 40 ಲಕ್ಷ ಷೇರು, ಮರುದಿನ ₹510ಕ್ಕೆ 20 ಲಕ್ಷ, ಮೂರನೆಯ ದಿನ ₹520ಕ್ಕೆ 10 ಲಕ್ಷ ಷೇರಿನ ವಹಿವಾಟು ನಡೆದಿದೆ.

```
(500×40 + 510×20 + 520×10) ÷ 70 = 505.71
```

ಮೂರು ದಿನದ ಸಾದಾ ಸರಾಸರಿ ₹510. ಗೆರೆ ಅದಕ್ಕಿಂತ ಕೆಳಗಿರುವುದಕ್ಕೆ ಮೊದಲ ದಿನದ ಭಾರೀ ವಹಿವಾಟೇ ಕಾರಣ.

ನಾಲ್ಕನೆಯ ದಿನ ಷೇರು ₹513 ಮುಟ್ಟಿ, ₹503ಕ್ಕೆ ಇಳಿದು, ₹511ಕ್ಕೆ ಮುಗಿಯಿತು ಎನ್ನಿ. ವಹಿವಾಟು 10 ಲಕ್ಷ. ಈಗ ಗೆರೆ ಸುಮಾರು ₹506ರಲ್ಲಿದೆ. ಬೆಲೆ ಅದರ ಕೆಳಗೆ ಇಣುಕಿದರೂ ಮೇಲೆ ಬಂದು ಮುಗಿದಿದೆ. ನಾವು ಕಾಯಬೇಕಾದದ್ದು ಇದಕ್ಕೇ. ಗೆರೆ ಮುಟ್ಟಿದ ಕ್ಷಣ ಕೊಳ್ಳುವುದು ಆತುರವೆಂಬುದು ನನ್ನ ಅಭಿಪ್ರಾಯ. ಮರುದಿನ ₹513 ದಾಟಿದ ಮೇಲೆ, ಉದಾಹರಣೆಗೆ ₹513.50ಕ್ಕೆ ಕೊಂಡು, ₹502ಕ್ಕೆ ಸ್ಟಾಪ್‌ಲಾಸ್ ಇಡಿ. ಒಂದು ಷೇರಿಗೆ ₹11.50 ನಷ್ಟದ ಸಾಧ್ಯತೆ. ಈ ವ್ಯವಹಾರದಲ್ಲಿ ₹2,300ಕ್ಕಿಂತ ಹೆಚ್ಚು ಕಳೆದುಕೊಳ್ಳಲು ನೀವು ಸಿದ್ಧರಿಲ್ಲದಿದ್ದರೆ 200 ಷೇರು ಸಾಕು. ಬೆಲೆ ಒಮ್ಮೆಲೇ ಜಿಗಿದು ಕೆಳಗೆ ತೆರೆದರೆ ಸ್ಟಾಪ್‌ಲಾಸ್ ಕೂಡ ಅದೇ ದರಕ್ಕೆ ಕಾರ್ಯಗತವಾಗದು, ನೆನಪಿರಲಿ.

ಫಲಿತಾಂಶದ ಬದಲು ದೊಡ್ಡ ತಳದಿಂದಲೂ ಗೆರೆ ಎಳೆಯಬಹುದು. ನಿಫ್ಟಿಗೆ 2020ರ ಮಾರ್ಚ್ 24 ಅಂಥ ತಳ. ಆದರೆ ಅದು ತಳವೆಂದು ಅಂದೇ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಚಾರ್ಟ್‌ನಲ್ಲಿ ಗೆರೆ ಸೊಗಸಾಗಿ ಕೆಲಸ ಮಾಡಿದಂತೆ ಕಾಣಲು ಇದೂ ಒಂದು ಕಾರಣ. ಬೆಲೆ ಹಿಂದಿನ ಏರುಮಟ್ಟವನ್ನು ದಾಟಿ ತಳ ಖಚಿತವಾದ ಮೇಲಿನ ಸ್ಪರ್ಶಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೊತೆಗೆ, ಸೂಚ್ಯಂಕ ಸ್ವತಃ ಕೊಳ್ಳುವ ಮಾರುವ ವಸ್ತುವಲ್ಲ; ನಿಫ್ಟಿ ಇಟಿಎಫ್‌ನ ಚಾರ್ಟ್‌ನಲ್ಲಾದರೆ ನಿಜವಾದ ವಹಿವಾಟಿನ ಸಂಖ್ಯೆ ಸಿಗುತ್ತದೆ.

ಗೆರೆ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಪ್ರವರ್ತಕರೊಬ್ಬರು ಒಂದೇ ದಿನ ದೊಡ್ಡ ಪಾಲು ಮಾರಿದರೆ ಆ ಬೆಲೆ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಚಾರ್ಟ್‌ನ ಕೆಳಗಡೆ ಒಂಟಿಯಾಗಿ ಎದ್ದು ನಿಂತ ವಾಲ್ಯೂಮ್ ಕಂಬಿ ಅದರ ಗುರುತು. ತಿಂಗಳುಗಳು ಉರುಳಿದಂತೆ ಸೇರಿದ ವಹಿವಾಟು ಬೆಟ್ಟದಷ್ಟಾಗಿ, ಹೊಸ ದಿನದ ಬೆಲೆಗೆ ಗೆರೆ ಅಲುಗುವುದೇ ಇಲ್ಲ. ಇನ್ನೊಂದು ಚಾಳಿ ನಮ್ಮದೇ: ಗೆರೆ ಬೆಲೆಗೆ ಹೊಂದುವವರೆಗೆ ಆರಂಭದ ದಿನವನ್ನು ಅತ್ತಿತ್ತ ಸರಿಸುವುದು. ಹೀಗೆ ಸಿಕ್ಕ ಬೆಂಬಲವನ್ನು ನಂಬಬೇಡಿ.

ಸತತ ಎರಡು ದಿನ ಷೇರು ಗೆರೆಯ ಕೆಳಗೆ ಮುಗಿದು, ಮತ್ತೆ ಏರುವಾಗ ಅಲ್ಲೇ ತಡೆ ಕಂಡರೆ ಅದು ಇನ್ನು ಬೆಂಬಲವಲ್ಲ, ಪ್ರತಿರೋಧ. ಅಂಥ ಷೇರನ್ನು ಗೆರೆಯ ಆಧಾರದಲ್ಲಿ ಕೊಳ್ಳುವುದನ್ನು ನಿಲ್ಲಿಸಿ, ಮುಂದಿನ ತ್ರೈಮಾಸಿಕ ಫಲಿತಾಂಶದಿಂದ ಹೊಸ ಗೆರೆ ಎಳೆಯಿರಿ.