ಯಾವ ಮಗ್ಗುಲಿಗೆ ಹೊರಳಿದರೆ ತಲೆ ಸುತ್ತುತ್ತದೆ?

ತಲೆಸುತ್ತು ಅಂದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ಪಿತ್ತ. ಆಮೇಲೆ ಬಿಪಿ, ಅದೂ ಅಲ್ಲದಿದ್ದರೆ ಕತ್ತಿನ ಮೂಳೆ ಸವೆತ. ನನಗೂ ಈ ಮೂರನ್ನೂ ಹೇಳಿದರು. ಬಿಪಿ ಸರಿಯಾಗಿತ್ತು, ರಕ್ತಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಆದರೆ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದರೆ ಸಾಕು, ಇಡೀ ಕೋಣೆ ಗಿರಗಿರನೆ ತಿರುಗುತ್ತಿತ್ತು. ಮೇಲಿನ ಶೆಲ್ಫಿನ ಡಬ್ಬಕ್ಕೆ ಕೈಯೆತ್ತಿ ತಲೆ ಹಿಂದಕ್ಕೆ ವಾಲಿಸಿದಾಗಲೂ ಹಾಗೇ. ಅಲುಗಾಡದೆ ಇದ್ದರೆ ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತಿತ್ತು. ಎಡಕ್ಕೆ ಹೊರಳಿದರೆ ಏನೂ ಆಗುತ್ತಿರಲಿಲ್ಲ. ಈ ವಿವರಗಳೇ ಕಾಯಿಲೆಯ ಗುರುತು ಎಂಬುದು ನನಗೆ ತಿಳಿದದ್ದು ಕಿವಿ-ಮೂಗು-ಗಂಟಲಿನ ವೈದ್ಯರು ಅವನ್ನು ಒಂದೊಂದಾಗಿ ಕೇಳಿದಾಗ.

ಅವರು ಸ್ಕ್ಯಾನಿಂಗಿಗೆ ಬರೆದುಕೊಡಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು 45 ಡಿಗ್ರಿ ಬಲಕ್ಕೆ ತಿರುಗಿಸಿ, ಹಾಗೇ ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಜೋತುಬಿದ್ದಿತ್ತು. “ಕಣ್ಣು ಮುಚ್ಚಬೇಡಿ ಅಮ್ಮಾ, ನಾನು ನೋಡಬೇಕಾಗಿರೋದೇ ನಿಮ್ಮ ಕಣ್ಣನ್ನ” ಎಂದರು. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಸುತ್ತು ಶುರುವಾಯಿತು, ಏರಿತು, ನಿಧಾನವಾಗಿ ಇಳಿಯಿತು. ಅಷ್ಟು ಹೊತ್ತೂ ನನ್ನ ಕಣ್ಣುಗುಡ್ಡೆಗಳು ಹಣೆಯ ಕಡೆಗೆ ಎಗರುತ್ತ, ಜೊತೆಗೇ ಬಲಕಿವಿಯ ಕಡೆಗೆ ತಿರುಚಿಕೊಳ್ಳುತ್ತ ಅದುರುತ್ತಿದ್ದವಂತೆ. ಎಡಕ್ಕೆ ತಿರುಗಿಸಿ ಮಲಗಿಸಿದಾಗ ಕಣ್ಣು ಕದಲಲಿಲ್ಲ. ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಅಲ್ಲಿಗೆ ಕಾಯಿಲೆಯ ಹೆಸರು, ಕಿವಿ, ಅದರೊಳಗಿನ ನಾಳ ಎಲ್ಲವೂ ಗೊತ್ತಾದವು. ಬಿಪಿಪಿವಿ, ಬಲಕಿವಿ, ಹಿಂಬದಿಯ ನಾಳ.

ಒಳಕಿವಿಯಲ್ಲಿ ಒಂದು ಪುಟ್ಟ ಚೀಲವಿದೆ. ಅದರ ಅಂಟುಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಕೂತಿರುತ್ತವೆ. ತಲೆ ವಾಲಿದ್ದನ್ನು ಮಿದುಳಿಗೆ ತಿಳಿಸಲು ಅವುಗಳ ಭಾರ ಬೇಕು. ಅದೇ ಚೀಲಕ್ಕೆ ಮೂರು ಅರೆವೃತ್ತ ನಾಳಗಳು ಸೇರಿಕೊಂಡಿವೆ. ನಾಳದ ತುಂಬ ದ್ರವ, ಒಂದು ತುದಿಯಲ್ಲಿ ಮೆದುವಾದ ಪರದೆ. ತಲೆ ತಿರುಗಿದರೆ ದ್ರವ ಹಿಂದುಳಿದು ಪರದೆ ಬಾಗುತ್ತದೆ, ಮಿದುಳು ಅದನ್ನು ತಿರುಗಾಟ ಎಂದು ಓದಿಕೊಳ್ಳುತ್ತದೆ. ವಯಸ್ಸಾದಂತೆ, ತಲೆಗೆ ಪೆಟ್ಟು ಬಿದ್ದಾಗ, ಎಷ್ಟೋ ಸಲ ಕಾರಣವೇ ತಿಳಿಯದೆ, ಚೀಲದ ಹರಳುಗಳು ಕಳಚಿ ನಾಳಕ್ಕೆ ಜಾರುತ್ತವೆ. ನಾಳದಲ್ಲಿ ಅವಕ್ಕೆ ಕೆಲಸವಿಲ್ಲ. ನಾವು ಮಲಗಿದಾಗ ಅವು ಕೆಳಕ್ಕೆ ಜಾರುತ್ತ ದ್ರವವನ್ನು ಎಳೆಯುತ್ತವೆ, ದ್ರವ ಪರದೆಯನ್ನು ಎಳೆಯುತ್ತದೆ. ತಲೆ ನಿಂತಿದ್ದರೂ ಮಿದುಳಿಗೆ ತಿರುಗುತ್ತಿದೆ ಎಂಬ ಸುದ್ದಿ ಹೋಗುತ್ತದೆ. ಹರಳು ಜಾರತೊಡಗಿ ದ್ರವ ಕದಲಲು ಹಿಡಿಯುವ ಹೊತ್ತೇ ಆ ಮೊದಲ ಎರಡು ಮೂರು ಸೆಕೆಂಡು. ಅವು ತಳ ಸೇರಿದ ಮೇಲೆ ಸುತ್ತು ನಿಲ್ಲುತ್ತದೆ.

ಹಾಗಾಗಿ ಚಿಕಿತ್ಸೆಯೂ ಹರಳನ್ನು ಬಂದ ದಾರಿಯಲ್ಲೇ ಚೀಲಕ್ಕೆ ವಾಪಸು ಕಳಿಸುವುದು. ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನವನ್ನೇ ನನಗೆ ಮಾಡಿದ್ದು. ಮರಳು ನೀರು ತುಂಬಿದ ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಮರಳನ್ನು ಬೇಕಾದ ಕಡೆಗೆ ತಂದಂತೆ. ಪರೀಕ್ಷೆಯ ಭಂಗಿಯೇ ಮೊದಲ ಹೆಜ್ಜೆ: ತಲೆ ಬಲಕ್ಕೆ, ಸ್ವಲ್ಪ ಕೆಳಕ್ಕೆ. ಹರಳು ಪರದೆಯಿಂದ ದೂರ ಸರಿದು ನಾಳದ ತಗ್ಗಿಗೆ ಇಳಿಯುತ್ತದೆ. ಸುತ್ತು ನಿಂತ ಮೇಲೂ ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೇ ಹಿಡಿದರು. ಎರಡನೆಯದು, ತಲೆಯನ್ನು ಮೇಲೆತ್ತದೆ 90 ಡಿಗ್ರಿ ಎಡಕ್ಕೆ ತಿರುಗಿಸುವುದು. ಹರಳು ನಾಳದ ಇನ್ನೊಂದು ತುದಿಯತ್ತ ಸಾಗುತ್ತದೆ. ಮೂರನೆಯದು, ಎಡ ಭುಜದ ಮೇಲೆ ಹೊರಳಿ ಮೂಗು ನೆಲದ ಕಡೆಗೆ ಬರುವಂತೆ ಮಾಡುವುದು. ಹರಳು ಚೀಲದ ಬಾಯಿಗೆ ಬರುತ್ತದೆ. ಕೊನೆಗೆ ಗದ್ದವನ್ನು ಎದೆಗೆ ತಗ್ಗಿಸಿಕೊಂಡು ಎದ್ದು ಕೂರುವುದು. ಹರಳು ಚೀಲಕ್ಕೆ ಬೀಳುತ್ತದೆ. ಈ ಗಳಿಗೆಯಲ್ಲಿ ಕೆಲವರಿಗೆ ಯಾರೋ ದೂಡಿದ ಹಾಗೆ ಆಗುತ್ತದೆ. ವೈದ್ಯರು ನನ್ನ ಭುಜ ಬಿಡದೆ ಹಿಡಿದುಕೊಂಡಿದ್ದರು.

ಅವರು ಪ್ರತಿ ಹೆಜ್ಜೆಗೂ ಕಣ್ಣು ನೋಡುತ್ತಿದ್ದರು. ಎರಡನೆಯ ಭಂಗಿಯಲ್ಲಿ ಕಣ್ಣು ಮೊದಲಿನ ದಿಕ್ಕಿಗೇ ಅದುರಿದರೆ ಹರಳು ಸರಿದಾರಿಯಲ್ಲಿದೆ ಎಂದರ್ಥ. ತಿರುವುಮುರುವಾದರೆ ಅದು ಪರದೆಯ ಕಡೆಗೇ ಮರಳುತ್ತಿರಬಹುದು. ಅವಸರಪಟ್ಟರೂ, ನಡುವೆ ತಲೆ ಎತ್ತಿದರೂ ಹೀಗಾಗುತ್ತದೆ.

ನನ್ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಮಲಗಿದಾಗ ಬಲಕ್ಕೆ ಹೊರಳಿದರೂ ಸುತ್ತು, ಎಡಕ್ಕೆ ಹೊರಳಿದರೂ ಸುತ್ತು. ಬಲಕ್ಕೆ ಮಾತ್ರ ಜೋರು. “ಎಪ್ಲಿಯನ್ನೇ ಇನ್ನೊಂದು ಸಲ ಮಾಡೋಣ” ಎಂದು ನಮ್ಮ ಮನೆಯವರು ಹೊರಟರು, ನಾನು ಬೇಡವೆಂದು ವೈದ್ಯರಿಗೆ ಫೋನ್ ಮಾಡಿದೆ. ಅವರು ಮತ್ತೆ ಕರೆದು, ಮಲಗಿಸಿ ತಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಈ ಸಲ ಕಣ್ಣು ಮೇಲಕ್ಕಲ್ಲ, ಅಡ್ಡಡ್ಡ, ನೆಲದ ಕಡೆಗೆ ಅದುರುತ್ತಿತ್ತು. ಹಿಂಬದಿಯ ನಾಳದಿಂದ ಹೊರಬಂದ ಹರಳು ಪಕ್ಕದ ಅಡ್ಡನಾಳಕ್ಕೆ ಹೊಕ್ಕಿತ್ತು. ಯಾರು ಮಾಡಿದರೂ ಕೆಲವೊಮ್ಮೆ ಹೀಗಾಗುವುದುಂಟು. ಅಡ್ಡನಾಳಕ್ಕೆ ಎಪ್ಲಿ ಹೊಂದುವುದಿಲ್ಲ. ಬಲಕಿವಿ ಕೆಳಗಿರುವಂತೆ ಮಲಗಿಸಿ, ಅಲ್ಲಿಂದ ಅಂಗಾತ, ಆಮೇಲೆ ಎಡಮಗ್ಗುಲು, ಆಮೇಲೆ ಬೋರಲು, ಹೀಗೆ 90 ಡಿಗ್ರಿಗೊಮ್ಮೆ ನಿಲ್ಲಿಸಿ ಪೂರ್ತಿ ಒಂದು ಸುತ್ತು ಹೊರಳಿಸಿದರು. ಸುತ್ತು ಅಲ್ಲಿಗೆ ನಿಂತಿತು. ನಡೆಯುವಾಗ ತೇಲಿದಂತಾಗುವುದು ಮಾತ್ರ ಕೆಲವು ದಿನ ಉಳಿದಿತ್ತು. ಅದು ಹರಳಲ್ಲ, ಮಿದುಳು ಹೊಂದಿಕೊಳ್ಳುವ ಹೊತ್ತು.

ಮೊದಲು ಕೊಟ್ಟಿದ್ದ ಮಾತ್ರೆಗಳ ಬಗ್ಗೆಯೂ ಕೇಳಿದೆ. ವಾಕರಿಕೆ ತಡೆಯಲು ಅವು ಒಂದೆರಡು ದಿನಕ್ಕೆ ಆಗುತ್ತವೆ, ಆದರೆ ಯಾವ ಮಾತ್ರೆಯೂ ನಾಳದೊಳಗಿನ ಹರಳನ್ನು ಜರುಗಿಸಲಾರದು. ಕೂತೇ ನಿದ್ದೆ ಮಾಡಬೇಕು, ಕತ್ತಿಗೆ ಪಟ್ಟಿ ಕಟ್ಟಬೇಕು ಎಂಬ ಹಳೆಯ ನಿರ್ಬಂಧಗಳೂ ಈಗ ಬೇಕಿಲ್ಲ.

ಈ ಕಾಯಿಲೆ ಮರುಕಳಿಸುವುದುಂಟು. ವಿಟಮಿನ್ ಡಿ ಕಡಿಮೆಯಿರುವವರಲ್ಲಿ ಅದನ್ನು ತುಂಬಿಕೊಟ್ಟರೆ ಮರುಕಳಿಸುವುದು ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನನಗೂ ಪರೀಕ್ಷೆ ಮಾಡಿಸಿ ಕೊಟ್ಟರು. ಮನೆಯಲ್ಲಿ ಎಪ್ಲಿ ಮಾಡುವುದನ್ನು ವೈದ್ಯರ ಎದುರೇ ಕಲಿತುಕೊಂಡೆವು. ಹೆಗಲ ಕೆಳಗೆ ದಿಂಬು ಇಟ್ಟರೆ ತಲೆ ಬೇಕಾದಷ್ಟು ಹಿಂದಕ್ಕೆ ವಾಲುತ್ತದೆ, ಮಂಚದ ಅಂಚು ಬೇಕಾಗುವುದಿಲ್ಲ. ಕತ್ತಿನ ತೊಂದರೆ ಇರುವವರು, ಕಣ್ಣಿನ ರೆಟಿನಾ ಕಳಚಿದವರು ಕೇಳದೆ ಇದನ್ನು ಮಾಡಕೂಡದು. ಅಲುಗಾಡದೆ ಮಲಗಿದ್ದರೂ ಸುತ್ತು ಗಂಟೆಗಟ್ಟಲೆ ನಿಲ್ಲದಿದ್ದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೂ ಆಗದಿದ್ದರೆ ಅದು ಹರಳಿನ ಕೆಲಸವಲ್ಲ. ಪಾರ್ಶ್ವವಾಯು ಇರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಯಾರಾದರೂ ತಲೆಸುತ್ತು ಅಂದರೆ ನಾನು ಮೂರು ವಿಷಯ ಗಮನಿಸಲು ಹೇಳುತ್ತೇನೆ. ಯಾವ ಮಗ್ಗುಲಿಗೆ ಹೊರಳಿದಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಅಲುಗಾಡದಿದ್ದರೆ ನಿಲ್ಲುತ್ತದೆಯೇ. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಕಿವಿಯಿಂದ ಪರೀಕ್ಷೆ ಶುರುಮಾಡಬೇಕೆಂಬುದು ವೈದ್ಯರಿಗೆ ಮೊದಲೇ ತಿಳಿದಿರುತ್ತದೆ.