ಚಾರ್ಟ್ ಹಿಡಿದವನ ಉತ್ತರ

ಎಂಟೆಂಟು ಮಕ್ಕಳ ಗುಂಪು ಮಾಡಿ ಎಂದವರು ತರಗತಿ ವೀಕ್ಷಣೆಗೆ ಬಂದ ಸಾಹೇಬರೇ. ನಾಲ್ಕು ಜನರ ಗುಂಪು ಸಾಕು ಸಾರ್ ಎಂದೆ. ಅಷ್ಟು ಚಾರ್ಟ್ ಎಲ್ಲಿಂದ ತರ್ತೀರಿ ಎಂದರು. ಆರನೇ ತರಗತಿಯ ನಲವತ್ತು ಮಕ್ಕಳಿಗೆ ಐದು ಚಾರ್ಟ್, ಐದು ಡಬ್ಬಿ ಸ್ಕೆಚ್ ಪೆನ್. ವಿಷಯ, ಗ್ರಾಮ ಪಂಚಾಯಿತಿ.

ಕಿಟಕಿ ಪಕ್ಕದ ಗುಂಪಿನಲ್ಲಿ ಅಕ್ಷರ ಮುದ್ದಾಗಿದ್ದ ಹುಡುಗಿ ಚಾರ್ಟಿನ ಮೇಲೆ ಬಗ್ಗಿ ಬರೆಯುತ್ತಿದ್ದಳು. ಒಬ್ಬಳು ಪಠ್ಯ ಓದಿ ಹೇಳುತ್ತಿದ್ದಳು, ಇನ್ನೊಬ್ಬ ಪೆನ್ನಿನ ಮುಚ್ಚಳ ತೆಗೆದುಕೊಡುತ್ತಿದ್ದ. ಫ್ಯಾನ್ ಗಾಳಿಗೆ ಹಾರದಂತೆ ಇಬ್ಬರು ಚಾರ್ಟಿನ ಮೂಲೆ ಒತ್ತಿಕೊಂಡಿದ್ದರು. ಉಳಿದ ಮೂವರಿಗೆ ಚಾರ್ಟ್ ಕಾಣುತ್ತಲೇ ಇರಲಿಲ್ಲ. ಸಾಹೇಬರು ಫೋಟೊ ತೆಗೆದುಕೊಂಡರು. ಆಮೇಲೆ ಮೂಲೆ ಹಿಡಿದಿದ್ದ ಹುಡುಗನನ್ನೇ ಎಬ್ಬಿಸಿ, "ಗ್ರಾಮಸಭೆಗೆ ಯಾರ್ಯಾರು ಬರಬಹುದು?" ಎಂದರು.

"ಸಾರ್, ನಾನು ಚಾರ್ಟ್ ಹಿಡ್ಕೊಂಡಿದ್ದೆ."

ತರಗತಿಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ, ಮಕ್ಕಳ ಮುಂದೆಯೇ ನನಗೆ, "ಏನು ಕಲಿಸಿದ್ದೀರಿ ಮೇಡಂ?" ಎಂದರು. ಆ ಹುಡುಗ ಕೊಟ್ಟ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಇದನ್ನು ಅವರೆದುರು ಹೇಳಲಾಗದ್ದು ಇವತ್ತಿಗೂ ಉರಿಯುತ್ತದೆ.

ಅಮೆರಿಕದ ಡೇವಿಡ್ ಜಾನ್ಸನ್, ರೋಜರ್ ಜಾನ್ಸನ್ ಸೋದರರು ಸಹಕಾರಿ ಕಲಿಕೆಗೆ ಐದು ಅಂಶ ಹೇಳುತ್ತಾರೆ. ನಮ್ಮಲ್ಲಿ ಮುರಿದುಬಿದ್ದದ್ದು ಮೊದಲೆರಡು. ಒಂದು, ಪರಸ್ಪರ ಅವಲಂಬನೆ: ಒಬ್ಬನ ಪಾಲಿಲ್ಲದೆ ಉಳಿದವರ ಕೆಲಸ ಮುಗಿಯಬಾರದು. ನಮ್ಮ ಚಾರ್ಟ್ ಇಬ್ಬರಿಂದಲೇ ಮುಗಿಯುತ್ತಿತ್ತು. ಎರಡು, ವೈಯಕ್ತಿಕ ಹೊಣೆ: ಪ್ರತಿಯೊಬ್ಬರೂ ಕಲಿತದ್ದನ್ನು ಬೇರೆಬೇರೆಯಾಗಿ ತೋರಿಸಬೇಕು. ಗುಂಪಿಗೆಲ್ಲ ಒಂದೇ ಅಂಕವೆಂದರೆ ಹಿಂದೆ ಕೂತವನಿಗೆ ಕಲಿಯುವ ದರ್ದೇನು?

ಮುಂದಿನ ವಾರ ಚಾರ್ಟ್ ಬಿಟ್ಟೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ರೂಪಿಸಿದ ಜಿಗ್ಸಾ ಪದ್ಧತಿ ಹಿಡಿದೆ. ಪಾಠವನ್ನು ನಾಲ್ಕು ಚೀಟಿ ಮಾಡಿದೆ: ಸದಸ್ಯರ ಆಯ್ಕೆ, ಗ್ರಾಮಸಭೆ, ತೆರಿಗೆ, ಪಂಚಾಯಿತಿಯ ಕೆಲಸಗಳು. ಗುಂಪಿನಲ್ಲಿ ಒಬ್ಬರಿಗೆ ಒಂದೇ ಚೀಟಿ, ಪುಸ್ತಕ ಮುಚ್ಚಿಡಬೇಕು. ಒಂದೇ ಚೀಟಿಯವರು ಮೊದಲು ನಾಲ್ಕು ನಾಲ್ಕು ಜನ ಕೂತು ಓದಿ ಚರ್ಚಿಸಿದರು. ಓದಲು ತಡವರಿಸುವ ಮಕ್ಕಳಿಗೆ ಈ ಕೂಟವೇ ಆಸರೆ, ಇದನ್ನು ಅವಸರದಲ್ಲಿ ಮುಗಿಸಬಾರದು. ಬಳಿಕ ಸ್ವಂತ ಗುಂಪಿಗೆ ಮರಳಿ ತಮ್ಮ ಭಾಗ ಕಲಿಸಿದರು. ಕೊನೆಗೆ ನಾಲ್ಕೂ ಭಾಗದ ಪ್ರಶ್ನೆಗಳಿಗೆ ಒಬ್ಬೊಬ್ಬರೇ ಉತ್ತರ ಬರೆದರು. ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ ಎಂದು ಚಾರ್ಟ್ ಹಿಡಿದಿದ್ದ ಹುಡುಗನೇ ತನ್ನ ಗುಂಪಿಗೆ ಲೆಕ್ಕ ಹಾಕಿ ತೋರಿಸಿದ.

ಇದರಲ್ಲೂ ತೊಡಕಿದೆ. ಒಬ್ಬರು ಗೈರಾದರೆ ಪಾಠದ ಕಾಲು ಭಾಗವೇ ಹೋಯಿತು. ನಮ್ಮೂರ ಸಂತೆ ದಿನವಂತೂ ಹಾಜರಿ ಹೇಳುವುದೇ ಬೇಡ. ಅದಕ್ಕೇ ಐದೈದು ಮಕ್ಕಳ ಗುಂಪು ಮಾಡಿ, ಗ್ರಾಮಸಭೆಯ ಚೀಟಿಯನ್ನು ಇಬ್ಬರಿಗೆ ಕೊಟ್ಟಿರುತ್ತೇನೆ. ಬೇರೆ ಭಾಗದವರು ಬರದಿದ್ದರೆ ಈ ಇಬ್ಬರಲ್ಲೊಬ್ಬರನ್ನು ಆ ಭಾಗದ ಕೂಟಕ್ಕೆ ಕಳಿಸುತ್ತೇನೆ.